ಅಕ್ಕನ ಕೈ ನಡುಕ ಮತ್ತು ಲೆಕ್ಕಕ್ಕೆ ಬಾರದ ಮಾತ್ರೆಗಳು

ಜುಲೈ ತಿಂಗಳ ಒಂದು ಸಂಜೆ. ಶಿವಮೊಗ್ಗದಲ್ಲಿ ಮಳೆ ಬಿಟ್ಟೂ ಬಿಡದ ಹಾಗೆ ಸುರಿಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಸಾಗರದಿಂದ ಅಕ್ಕ ವಾಟ್ಸಾಪಿನಲ್ಲಿ ಒಂದು ಚೀಟಿಯ ಫೋಟೋ ಕಳಿಸಿದಳು. ಕೆಳಗೆ ಒಂದು ಸಾಲು: "ಇಲ್ಲಿ ಸಿಗ್ತಿಲ್ಲ, ನಾಳೆ ಬೆಳಿಗ್ಗೆ ಬಸ್ಸಿಗೆ ಹಾಕು."

ನಾನು ಹತ್ತೊಂಬತ್ತು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಚೀಟಿ ನೋಡಿದ ತಕ್ಷಣ ಕೈ ತಾನಾಗಿ ಯಾವ ಶೆಲ್ಫಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಅವತ್ತೂ ಹೋಯಿತು. ಸ್ಟ್ರಿಪ್ ತೆಗೆದು ಕವರಿಗೆ ಹಾಕುವಾಗ ಕೈ ನಿಂತಿತು. ಅದು ಟೆನ್ಷನ್ನಿಗೆ ಕೊಡುವ ಜೋಡಿ ಮಾತ್ರೆ. ಒಂದರಲ್ಲೇ ಎರಡು ಔಷಧ: ಕ್ಲೊನಾಜೆಪಾಮ್ ಮತ್ತು ಪ್ರೊಪ್ರನೊಲಾಲ್. ಮೊದಲನೆಯದು ಮನಸ್ಸನ್ನು ಮಂಕು ಮಾಡಿ ನಿದ್ದೆ ತರಿಸುತ್ತದೆ. ಎರಡನೆಯದು ಎದೆಬಡಿತ ಇಳಿಸಿ ಕೈ ನಡುಕ ನಿಲ್ಲಿಸುತ್ತದೆ. ಆದರೆ ನನ್ನ ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ದಮ್ಮು ಇರುವವರಿಗೆ ಪ್ರೊಪ್ರನೊಲಾಲ್ ಕೊಡಬಾರದು ಅನ್ನುವುದು ಫಾರ್ಮಸಿ ಓದುವಾಗ ಮೊದಲ ವರ್ಷಗಳಲ್ಲೇ ತಲೆಗೆ ಹತ್ತುವ ಪಾಠ.

ಫೋನ್ ಮಾಡಿದೆ.

"ಅಕ್ಕಾ, ಇದು ಯಾಕೆ ಬರೆದರು?"

"ಎಂತ ಹೇಳೋದು ಮಾರಾಯ. ಎರಡು ದಿನದಿಂದ ಕೈ ನಡುಗ್ತದೆ. ಎದೆ ಹೊಡ್ಕೊಳ್ತದೆ. ರಾತ್ರಿ ಕಣ್ಣಿಗೆ ಕಣ್ಣು ಹತ್ತೋದಿಲ್ಲ. ಸುಮ್ನೆ ಕೂತ್ರೂ ಏನೋ ಆಗಿಬಿಡ್ತದೆ ಅನ್ಸತ್ತೆ. ಇಸಿಜಿ ಮಾಡಿದ್ರು, ನಾಡಿ ಜೋರಿದೆ ಅಷ್ಟೇ, ಬೇರೆ ಏನೂ ಇಲ್ಲ, ಟೆನ್ಷನ್ ಮಾಡ್ಕೊಬೇಡಿ ಅಂದ್ರು."

"ಉಬ್ಬಸ ಇದೆ ಅಂತ ಹೇಳಿದ್ಯಾ?"

"ಅವರು ಬೇರೆ ಮಾತ್ರೆ ತಗೊಳ್ತೀರಾ ಅಂದ್ರು. ಬಿಪಿ, ಶುಗರ್ ಎಂತದೂ ಇಲ್ಲ ಅಂದೆ."

ಇದನ್ನು ನಾನು ಕೌಂಟರಿನಲ್ಲಿ ಸಾವಿರ ಸಲ ಕೇಳಿದ್ದೇನೆ. ನಮ್ಮ ಜನಕ್ಕೆ 'ಮಾತ್ರೆ' ಅಂದರೆ ದಿನಾ ತಿನ್ನುವುದು, ಬಿಪಿ ಶುಗರಿನದು. ಇನ್ಹೇಲರ್ ಮಾತ್ರೆಯಲ್ಲ, ಅದು 'ಪಂಪು'. ನೆಗಡಿ ಮಾತ್ರೆ ಔಷಧವೇ ಅಲ್ಲ, ಅದು ಡ್ರಾಯರಿನಲ್ಲಿ ಬಟನ್, ಸೂಜಿದಾರದ ಜೊತೆ ಬಿದ್ದಿರುವ ವಸ್ತು. ಐದು ದಿನಕ್ಕೆ ಕೊಟ್ಟ ಸ್ಟಿರಾಯ್ಡ್ 'ಮೊನ್ನೆ ಕೊಟ್ಟಿದ್ದು'. ಅಕ್ಕ ಸುಳ್ಳು ಹೇಳಿರಲಿಲ್ಲ. ಪ್ರಶ್ನೆಗೆ ಅವಳ ಭಾಷೆಯಲ್ಲಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು.

"ಮನೆಯಲ್ಲಿ ಇರೋ ಎಲ್ಲ ಔಷಧ ಒಂದು ತಟ್ಟೆಗೆ ಹಾಕಿ ಫೋಟೋ ಕಳಿಸು" ಅಂದೆ. ಐದು ನಿಮಿಷದಲ್ಲಿ ಬಂತು. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಔಷಧ. ಪಕ್ಕದಲ್ಲಿ, ಅವಳಿಗೆ ಗೊತ್ತಿಲ್ಲದೇ ಫೋಟೋದಲ್ಲಿ ಬಂದದ್ದು, ಅರ್ಧ ಕುಡಿದ ಕಾಫಿ ಲೋಟ.

ಕಥೆ ಹೀಗೆ ನಡೆದಿತ್ತು. ಮಳೆ, ಗೋಡೆಗೆ ಬೂಷ್ಟು, ಅದರ ಮೇಲೆ ನೆಗಡಿ. ನೆಗಡಿ ಎದೆಗಿಳಿದು ಸುಯ್‌ಸುಯ್ ಶುರು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ನೆಬುಲೈಸರ್ ಹಿಡಿದರು. ಮನೆಗೆ ಬರೆದದ್ದು: ಸಾಲ್ಬುಟಮಾಲ್ 4 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು, ಅದೇ ಔಷಧದ ಇನ್ಹೇಲರ್ ಬೇಕಾದಾಗ ಎರಡು ಪಫ್, ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ 20 ಮಿಲಿಗ್ರಾಂ ಬೆಳಿಗ್ಗೆ ಒಂದು ರಾತ್ರಿ ಒಂದು, ಐದು ದಿನ. ಮೂಗು ಕಟ್ಟಿದೆ ಅಂತ ಅಕ್ಕ ತಾನೇ ಡ್ರಾಯರಿನಿಂದ ನೆಗಡಿ ಮಾತ್ರೆ ಸೇರಿಸಿಕೊಂಡಿದ್ದಳು. ಅದೂ ದಿನಕ್ಕೆ ಮೂರು.

ಮೊದಲು ಸಾಲ್ಬುಟಮಾಲ್ ಲೆಕ್ಕ ನೋಡೋಣ, ಯಾಕೆಂದರೆ ನಡುಕದ ದೊಡ್ಡ ಪಾಲು ಅಲ್ಲಿತ್ತು. ಇನ್ಹೇಲರಿನ ಒಂದು ಪಫ್ಫಿನಲ್ಲಿ 100 ಮೈಕ್ರೋಗ್ರಾಂ ಔಷಧ ಇರುತ್ತದೆ. ಮಾತ್ರೆಯಲ್ಲಿ 4 ಮಿಲಿಗ್ರಾಂ. ಅಂದರೆ 4000 ಮೈಕ್ರೋಗ್ರಾಂ. ಒಂದು ಮಾತ್ರೆಯಲ್ಲಿ ನಲವತ್ತು ಪಫ್ಫಿನಷ್ಟು ಔಷಧ! ಹೊಟ್ಟೆಗೆ ಹೋದದ್ದರಲ್ಲಿ ಸುಮಾರು ಅರ್ಧ ರಕ್ತಕ್ಕೆ ಸೇರುವ ಮೊದಲೇ ನಾಶವಾಗುತ್ತದೆ, ನಿಜ. ಆದರೂ ದಿನಕ್ಕೆ ಮೂರು ಮಾತ್ರೆ ಅಂದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ನಮ್ಮಲ್ಲಿ ಮಾತ್ರೆ, ಸಿರಪ್ ಅಂದರೆ 'ಸಾಧು', ಇನ್ಹೇಲರ್ ಅಂದರೆ 'ಸ್ಟ್ರಾಂಗ್, ಅಭ್ಯಾಸ ಆಗ್ತದೆ' ಅನ್ನುವ ನಂಬಿಕೆ ಇದೆ. ನಿಜ ತಿರುಗುಮುರುಗು. ಪಂಪಿನ ಔಷಧ ಬಹುಪಾಲು ಎದೆಯಲ್ಲಿ ಕೆಲಸ ಮಾಡುತ್ತದೆ, ಅದೂ ಐದು ನಿಮಿಷದಲ್ಲಿ. ಮಾತ್ರೆಯದು ಹೊಟ್ಟೆ, ಲಿವರ್, ರಕ್ತ ಅಂತ ಇಡೀ ಊರು ಸುತ್ತಿ ಕೊನೆಗೆ ಎದೆಗೆ ಬರುತ್ತದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡೇ ಬರುತ್ತದೆ.

ಯಾರನ್ನು ಮಾತಾಡಿಸುತ್ತದೆ ಅನ್ನುವುದರಲ್ಲಿ ಗುಟ್ಟಿದೆ. ಉಸಿರಿನ ಕೊಳವೆಗಳ ಸುತ್ತ ಇರುವ ಸ್ನಾಯುಗಳಲ್ಲಿ ಬೀಟಾ-2 ಅನ್ನುವ ಬೀಗಗಳಿವೆ. ಸಾಲ್ಬುಟಮಾಲ್ ಆ ಬೀಗದ ಕೀಲಿ. ಬೀಗ ತೆರೆದರೆ ಸ್ನಾಯು ಸಡಿಲವಾಗಿ ಕೊಳವೆ ಅಗಲವಾಗುತ್ತದೆ. ಆದರೆ ಅದೇ ಬೀಗ ಕೈಕಾಲಿನ ಸ್ನಾಯುಗಳಲ್ಲೂ ಇದೆ. ಅಲ್ಲಿ ಅದು ತೆರೆದರೆ ಬೆರಳು ಸಣ್ಣಗೆ ನಡುಗುತ್ತದೆ. ಹೃದಯದಲ್ಲೂ ಸ್ವಲ್ಪ ಇದೆ. ಜೊತೆಗೆ ರಕ್ತನಾಳಗಳು ಹಿಗ್ಗುವುದರಿಂದ, ಅದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ನಾವು ಹೆದರಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಕೂಡ ಇದೇ ಬೀಗಗಳನ್ನು ತೆರೆಯುತ್ತದೆ. ಹಾಗಾಗಿ ಮೈಗೆ ಎರಡೂ ಒಂದೇ ತರ ಕಾಣುತ್ತದೆ. ಹಾವು ಕಂಡರೂ ಕೈ ನಡುಕ, ಎದೆ ಢವಢವ. ಮಾತ್ರೆ ನುಂಗಿದರೂ ಕೈ ನಡುಕ, ಎದೆ ಢವಢವ. ವ್ಯತ್ಯಾಸ ಇಷ್ಟೇ, ಎರಡನೆಯದರಲ್ಲಿ ಹಾವು ಇಲ್ಲ. ಹಾವು ಇಲ್ಲದಿದ್ದರೆ ಮನಸ್ಸು ಸುಮ್ಮನಿರುತ್ತದಾ? ಹುಡುಕುತ್ತದೆ. ಮನೆ ಸಾಲ ಸಿಗುತ್ತದೆ, ಮಗಳ ಕೆಲಸ ಸಿಗುತ್ತದೆ, 'ಹಾರ್ಟಿಗೆ ಏನಾದ್ರೂ ಆಗಿದ್ರೆ' ಸಿಗುತ್ತದೆ. ಮೈ ಮೊದಲು ನಡುಗಿತು, ಕಾರಣ ಆಮೇಲೆ ಹುಟ್ಟಿತು.

ಕನ್ನಡವೂ ಇಲ್ಲಿ ನಮಗೆ ಸ್ವಲ್ಪ ಮೋಸ ಮಾಡುತ್ತದೆ ಅನ್ನಿಸುತ್ತದೆ. 'ಎದೆ ಹೊಡ್ಕೊಳ್ತು' ಅಂದರೆ ಹೆದರಿಕೆ. 'ಕೈಕಾಲು ನಡುಗಿತು' ಅಂದರೂ ಹೆದರಿಕೆಯೇ. ಅಕ್ಕ ಮೈಯಲ್ಲಿ ಆದದ್ದನ್ನು ಹೇಳುತ್ತಿದ್ದಳು. ಕೇಳಿದವರಿಗೆ ಮನಸ್ಸಿನಲ್ಲಿ ಆದದ್ದು ಕೇಳಿಸಿತು.

ಇದು ಹೊಸ ತೊಂದರೆಯೇನೂ ಅಲ್ಲ. ಸಾಲ್ಬುಟಮಾಲ್ ಬರುವ ಮೊದಲು ಉಬ್ಬಸಕ್ಕೆ ಎಫೆಡ್ರಿನ್ ಮಾತ್ರೆ ಇತ್ತು. ಅದು ನಡುಕದ ಜೊತೆಗೆ ತಳಮಳವನ್ನೂ ಕೊಡುತ್ತಿತ್ತು. ಹಾಗಾಗಿ ಎಫೆಡ್ರಿನ್ ಜೊತೆಗೆ ಫಿನೋಬಾರ್ಬಿಟಾಲ್ ಸೇರಿಸಿದ ಉಬ್ಬಸದ ಮಾತ್ರೆಗಳು ದಶಕಗಟ್ಟಲೆ ಮಾರಾಟವಾದವು. ಫಿನೋಬಾರ್ಬಿಟಾಲ್ ಅಂದರೆ ಮಂಪರು ತರುವ ಔಷಧ, ಫಿಟ್ಸಿಗೂ ಕೊಡುವಂಥದ್ದು. ಒಂದು ಮಾತ್ರೆಯಲ್ಲೇ ನಡುಕ ಬರಿಸುವುದೂ ಇತ್ತು, ಅದನ್ನು ಮುಚ್ಚುವುದೂ ಇತ್ತು. 1969ರಲ್ಲಿ ಬಂದ ಸಾಲ್ಬುಟಮಾಲ್ ಹೃದಯವನ್ನು ಸಾಕಷ್ಟು ಮಟ್ಟಿಗೆ ಬಿಟ್ಟು ಬೀಟಾ-2 ಬೀಗವನ್ನೇ ಹುಡುಕಿಕೊಂಡು ಹೋಗುವ ಔಷಧ, ಅದಕ್ಕೇ ಅಷ್ಟು ಹೆಸರು ಮಾಡಿತು. ಆದರೆ ಕೈ ಸ್ನಾಯುವಿನಲ್ಲಿ ಇರುವುದೂ ಬೀಟಾ-2 ಬೀಗವೇ. ಎಷ್ಟೇ ಚೊಕ್ಕ ಔಷಧ ಮಾಡಿದರೂ ನಡುಕ ಪೂರ್ತಿ ಹೋಗದೇ ಇರುವುದು ಇದಕ್ಕೇ.

ಇನ್ನು ಪ್ರೊಪ್ರನೊಲಾಲ್ ಯಾಕೆ ನನ್ನ ಕೈ ತಡೆಯಿತು ಅನ್ನುವುದು. ಅದು ಬೀಟಾ ಬೀಗಗಳಿಗೆಲ್ಲ ಮೇಣ ಮೆತ್ತಿ ಮುಚ್ಚುವ ಔಷಧ. ಹೃದಯದ ಬೀಗ ಮುಚ್ಚಿದರೆ ಬಡಿತ ಇಳಿಯುತ್ತದೆ. ಕೈಯ ಬೀಗ ಮುಚ್ಚಿದರೆ ನಡುಕ ನಿಲ್ಲುತ್ತದೆ. ಚೆನ್ನಾಗಿಯೇ ಇದೆ. ಆದರೆ ಎದೆಯ ಬೀಗವೂ ಮುಚ್ಚುತ್ತದೆ. ದಮ್ಮು ಇರುವವರ ಕೊಳವೆ ಆಗ ಬಿಗಿದುಕೊಳ್ಳಬಹುದು. ಇನ್ನೂ ಕೆಟ್ಟದ್ದೆಂದರೆ, ಬಿಗಿದ ಕೊಳವೆಗೆ ಪಂಪ್ ಹೊಡೆದರೆ ಅದು ಸರಿಯಾಗಿ ತಾಗುವುದಿಲ್ಲ. ಕೀಲಿ ಇದೆ, ಬೀಗದ ತೂತಿನಲ್ಲಿ ಮೇಣ. ಅಕ್ಕನ ಮಟ್ಟಿಗೆ ಇದು ಹೇಗಾಗುತ್ತಿತ್ತು ನೋಡಿ: ಉಬ್ಬಸದ ಔಷಧದಿಂದ ನಡುಕ, ನಡುಕಕ್ಕೆ ಟೆನ್ಷನ್ ಅನ್ನುವ ಹೆಸರು, ಟೆನ್ಷನ್ನಿನ ಮಾತ್ರೆಯಿಂದ ಮತ್ತೆ ಉಬ್ಬಸ. ಕ್ಲೊನಾಜೆಪಾಮಿನ ಮಂಪರಿನಲ್ಲಿ ರಾತ್ರಿ ದಮ್ಮು ಜಾಸ್ತಿಯಾದರೆ ಎಚ್ಚರ ಆಗುವುದೂ ತಡ.

ನಾನು ಟೆನ್ಷನ್ನಿನ ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಾದರು. "ಅಯ್ಯೋ, ಅಸ್ತಮಾ ಅಂತ ಹೇಳಲೇ ಇಲ್ಲವಲ್ಲ ಅವರು. ಕೊಡಬೇಡಿ, ಕೊಡಬೇಡಿ" ಅಂದರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅಕ್ಕ ಅವತ್ತು ಹೋದದ್ದು ಪಂಪ್ ಹೊಡೆದುಕೊಂಡ ಮೇಲೆ. ಎದೆಯಲ್ಲಿ ಸದ್ದೇ ಇರಲಿಲ್ಲ. ನಾಡಿ 112. ಆ ಹೊತ್ತಿಗೆ ಕಂಡದ್ದನ್ನು ನೋಡಿ ಅವರು ಬರೆದಿದ್ದರು.

ಮರುದಿನ ಭಾನುವಾರ. ಸಾಗರಕ್ಕೆ ಹೋದೆ. ಹೋಗುವಾಗ ಅಂಗಡಿಯಿಂದ ಒಂದು ಪೀಕ್ ಫ್ಲೋ ಮೀಟರ್ ಮತ್ತು ಪಂಪಿನ ಬಾಯಿಗೆ ಸಿಕ್ಕಿಸುವ ಡಬ್ಬಿಯಂಥ ಒಂದು ಸ್ಪೇಸರ್ ತೆಗೆದುಕೊಂಡು ಹೋಗಿದ್ದೆ. ಪೀಕ್ ಫ್ಲೋ ಮೀಟರ್ ಅಂದರೆ ಪೀಪಿಯ ಹಾಗೆ ಊದುವ ಪ್ಲಾಸ್ಟಿಕ್ ಕೊಳವೆ. ಉಸಿರು ಪೂರ್ತಿ ಎಳೆದು ಒಂದೇ ಸಲ ಜೋರಾಗಿ ಊದಿದರೆ ಮುಳ್ಳು ಒಂದು ನಂಬರಿಗೆ ಹೋಗಿ ನಿಲ್ಲುತ್ತದೆ. ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆದುಕೊಳ್ಳಬೇಕು. ಆರಾಮಿದ್ದಾಗ ಅಕ್ಕನ ನಂಬರ್ 340 ಬರುತ್ತಿತ್ತು ಅಂತ ಹಳೆಯ ಚೀಟಿಯೊಂದರಲ್ಲಿ ಇತ್ತು. ಅವತ್ತು ಬೆಳಿಗ್ಗೆ 270.

ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟೆ. ಗಂಟೆ, ಏನು ತಗೊಂಡೆ, ಪೀಕ್ ಫ್ಲೋ, ನಾಡಿ, ಹೇಗನ್ನಿಸ್ತು. ಅಕ್ಕ ಟೀಚರ್. ಇಂಥದ್ದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸಂಜೆಯೊಳಗೆ ಪುಟ ತುಂಬಿತ್ತು. ಎಂಟೂವರೆಗೆ ತಿಂಡಿ, ಸಾಲ್ಬುಟಮಾಲ್ ಮಾತ್ರೆ, ನೆಗಡಿ ಮಾತ್ರೆ, ಕಾಫಿ. ಹನ್ನೊಂದಕ್ಕೆ 'ಕೈ ನಡುಕ ಶುರು, ತಳಮಳ, ನಾಡಿ 108, ಪೀಕ್ ಫ್ಲೋ 310'. ಈ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಉಸಿರು ಬೆಳಿಗ್ಗೆಗಿಂತ ಚೆನ್ನಾಗಿದೆ, ನಡುಕ ಮಾತ್ರ ಜಾಸ್ತಿಯಾಗಿದೆ. ಮಾತ್ರೆಯ ಸಾಲ್ಬುಟಮಾಲ್ ರಕ್ತದಲ್ಲಿ ತುದಿ ಮುಟ್ಟುವುದು ನುಂಗಿದ ಎರಡು ಮೂರು ಗಂಟೆಗೆ. ಸರಿಯಾಗಿ ಆ ಹೊತ್ತಿಗೇ ಅವಳ 'ಗಾಬರಿ' ಬಂದಿದೆ.

ಆದರೆ ಅದರ ಕೆಳಗಿನ ಸಾಲು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಹನ್ನೊಂದೂಕಾಲು: 'ಪಂಪ್ 2 ಪಫ್'. ಉಸಿರು ಚೆನ್ನಾಗಿರುವಾಗ ಯಾಕೆ? ಕೇಳಿದರೆ, "ಎದೆ ಹೊಡ್ಕೊಳ್ತಿತ್ತಲ್ಲ, ಉಸಿರು ಸಾಲ್ತಿಲ್ಲ ಅನ್ಸಿತು" ಅಂದಳು. ಔಷಧದ ನಡುಕವನ್ನು ಉಬ್ಬಸ ಅಂದುಕೊಂಡು ಮತ್ತಷ್ಟು ಔಷಧ. ಹತ್ತು ನಿಮಿಷಕ್ಕೆ ನಡುಕ ಮತ್ತೂ ಜೋರು. ಆಮೇಲೆ ಮತ್ತೆರಡು ಪಫ್. ಹಿಂದಿನ ದಿನ ಒಟ್ಟು ಹತ್ತು ಪಫ್ ಆಗಿತ್ತು. ಈ ಸುಳಿಯಿಂದ ಹೊರಬರಲು ಆ ಅಗ್ಗದ ಪೀಪಿ ನೆರವಾಗುತ್ತದೆ. ಊದಿ ನೋಡಿದಾಗ ನಂಬರ್ ಮಾಮೂಲಿಯ ಹತ್ತಿರ ಇದ್ದರೆ, ಸುಯ್ ಅನ್ನುವ ಸದ್ದು ಇಲ್ಲದಿದ್ದರೆ, ತೊಂದರೆ ಬೇರೆ ಕಡೆ ಇದೆ. ನಂಬರ್ ಬಿದ್ದಿದ್ದರೆ ಅದು ಉಬ್ಬಸವೇ. ಆಗ ಕೈ ಎಷ್ಟೇ ನಡುಗಲಿ, ಪಂಪ್ ಹೊಡೆಯಲೇಬೇಕು.

ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಬರಹ ಓದಿ ಯಾರಾದರೂ ಪಂಪ್ ಬಿಟ್ಟುಬಿಟ್ಟರೆ ನನ್ನ ತಲೆಗೆ ಬರುತ್ತದೆ. ನಡುಕ ಯಾರನ್ನೂ ಕೊಂದದ್ದು ನಾನು ಕಂಡಿಲ್ಲ. ಉಬ್ಬಸ ಕೊಲ್ಲುತ್ತದೆ. ಒಂದು ಪೂರ್ತಿ ವಾಕ್ಯ ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಪಂಪ್ ಹೊಡೆದರೂ ತಗ್ಗದಿದ್ದರೆ, ನಂಬರ್ ಮಾಮೂಲಿಯ ಅರ್ಧಕ್ಕೆ ಇಳಿದರೆ ನೋಟ್‌ಬುಕ್ ಬರೆಯುತ್ತಾ ಕೂರಬಾರದು, ಆಸ್ಪತ್ರೆಗೆ ಓಡಬೇಕು. ಎದೆನೋವು, ತಲೆ ಸುತ್ತಿ ಬೀಳುವುದು, ಬಡಿತ ತಾಳ ತಪ್ಪುವುದು ಇದ್ದರೂ ಅಷ್ಟೇ. ಸಾಲ್ಬುಟಮಾಲ್ ಜಾಸ್ತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಅದು ಹೃದಯದ ತಾಳ ಕೆಡಿಸಬಹುದು.

ನಿದ್ದೆ ಕದ್ದದ್ದು ಮಾತ್ರ ಸಾಲ್ಬುಟಮಾಲ್ ಒಂದೇ ಅಲ್ಲ, ರಾತ್ರಿಯ ಪ್ರೆಡ್ನಿಸೊಲೋನ್ ಕೂಡ. ನಮ್ಮ ಮೈ ತಾನೇ ತಯಾರಿಸುವ ಸ್ಟಿರಾಯ್ಡ್ ಬೆಳಗಿನ ಜಾವಕ್ಕೆ ಏರುತ್ತದೆ, ರಾತ್ರಿ ಇಳಿಯುತ್ತದೆ. ಎದ್ದೇಳು ಅಂತ ಕೂಗುವ ಕೋಳಿ ಅದು. ರಾತ್ರಿ ಊಟವಾದ ಮೇಲೆ 20 ಮಿಲಿಗ್ರಾಂ ನುಂಗಿದರೆ ಕೋಳಿ ಮಧ್ಯರಾತ್ರಿ ಕೂಗುತ್ತದೆ. ಅಕ್ಕ ಒಂದೂವರೆ ಗಂಟೆಗೆ ಎದ್ದು ಅಡುಗೆಮನೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿಟ್ಟಿದ್ದಳಂತೆ! ಭಾವ ಹೇಳಿ ನಕ್ಕರು. ಸ್ಟಿರಾಯ್ಡ್ ಕೆಲವರಿಗೆ ಹೀಗೆ ಹುರುಪು ಕೊಡುತ್ತದೆ, ಕೆಲವರಿಗೆ ಸಿಡುಕು, ಕೆಲವರಿಗೆ ಸುಮ್‌ಸುಮ್ನೆ ಅಳು. 1972ರಲ್ಲಿ ಬೋಸ್ಟನ್ನಿನಿಂದ ಬಂದ ಒಂದು ಅಧ್ಯಯನ ಇವತ್ತಿಗೂ ಉಲ್ಲೇಖವಾಗುತ್ತದೆ. ಇದೇ ಬಗೆಯ ಸ್ಟಿರಾಯ್ಡ್ ಆದ ಪ್ರೆಡ್ನಿಸೋನ್ ದಿನಕ್ಕೆ 40 ಮಿಲಿಗ್ರಾಂ ಅಥವಾ ಕಡಿಮೆ ತೆಗೆದುಕೊಂಡವರಲ್ಲಿ ಮನಸ್ಸಿನ ದೊಡ್ಡ ಏರುಪೇರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. 80 ದಾಟಿದವರಲ್ಲಿ ನೂರಕ್ಕೆ ಹದಿನೆಂಟು. ಡಬ್ಬಿ ಒರೆಸುವಂಥ ಸಣ್ಣಪುಟ್ಟವು ಆ ಲೆಕ್ಕದಲ್ಲಿಲ್ಲ, ಅವು ಇನ್ನೂ ಸಾಮಾನ್ಯ. ಇದಕ್ಕೆ ಉಪಾಯ ಸುಲಭ: ಡಾಕ್ಟರನ್ನು ಕೇಳಿ ಪೂರ್ತಿ ಡೋಸನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳುವುದು. ತಾನೇ ನಿಲ್ಲಿಸುವುದಲ್ಲ. ಐದು ದಿನದ ಕೋರ್ಸ್ ಅರ್ಧಕ್ಕೆ ಬಿಟ್ಟರೆ ಉಬ್ಬಸ ಮರುಕಳಿಸಬಹುದು. ವಾರಗಟ್ಟಲೆ ತಿಂದವರು ಒಮ್ಮೆಲೇ ಬಿಟ್ಟರೆ ಅದು ಬೇರೆಯೇ ಅಪಾಯ.

ನೆಗಡಿ ಮಾತ್ರೆಗೆ ಬಂದರೆ, ನಾನೂ ಅದನ್ನು ಮಾರುವವನೇ, ಹಾಗಾಗಿ ಬೈಯುವ ಹಕ್ಕು ಕಡಿಮೆ. ನಮ್ಮಲ್ಲಿ ಸಿಗುವ ಹಲವು ಮಾತ್ರೆಗಳಲ್ಲಿ ಮೂಗು ಬಿಡಿಸಲು ಫಿನೈಲೆಫ್ರಿನ್ ಇರುತ್ತದೆ. 2023ರಲ್ಲಿ ಅಮೆರಿಕದ ಔಷಧ ಇಲಾಖೆಯ ತಜ್ಞರ ಸಮಿತಿ, ಬಾಯಿಂದ ತೆಗೆದುಕೊಂಡರೆ ಈ ಡೋಸಿನಲ್ಲಿ ಅದು ಮೂಗು ಬಿಡಿಸುವುದೇ ಇಲ್ಲ ಅಂತ ಒಮ್ಮತದಿಂದ ಹೇಳಿತು. ನಡುಕದ ವಿಷಯದಲ್ಲೂ ಅದು ಮುಖ್ಯ ಕಳ್ಳ ಅಲ್ಲ ಅಂತ ನನ್ನ ಅಭಿಪ್ರಾಯ, ಮಿದುಳಿಗೆ ಅದು ಅಷ್ಟಾಗಿ ಹೋಗುವುದಿಲ್ಲ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಇನ್ನೊಂದು ಹೆಸರು ಇತ್ತು: ಕೆಫೀನ್ 30 ಮಿಲಿಗ್ರಾಂ. ಮೂರು ಮಾತ್ರೆಗೆ 90. ಅದರ ಮೇಲೆ ಮಳೆಗಾಲದ ನಾಲ್ಕು ಲೋಟ ಫಿಲ್ಟರ್ ಕಾಫಿ. ಅಮೆರಿಕದಲ್ಲಿರುವ ನಮ್ಮವರ ಕಥೆ ಬೇರೆ. ಅಲ್ಲಿ ಕೌಂಟರಿನ ಹಿಂದೆ ಇಟ್ಟು, ಗುರುತಿನ ಚೀಟಿ ನೋಡಿ ಕೊಡುವ ಸೂಡೋಎಫೆಡ್ರಿನ್ ಸಿಗುತ್ತದೆ. ಅದು ಮೂಗನ್ನು ನಿಜಕ್ಕೂ ಬಿಡಿಸುತ್ತದೆ, ಆದರೆ ಅದು ಹಳೆಯ ಎಫೆಡ್ರಿನ್ನಿನ ಸ್ವಂತ ದಾಯಾದಿ. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆಯನ್ನು ಸಂಜೆ ನುಂಗಿ, ರಾತ್ರಿಯಿಡೀ ಸೂರು ನೋಡುತ್ತಾ 'ಲೇ ಆಫ್ ಭಯ' ಅಂದುಕೊಂಡವರು ನನ್ನ ಬಳಗದಲ್ಲೇ ಇದ್ದಾರೆ.

ಸೋಮವಾರ ಅಕ್ಕನನ್ನು ಶಿವಮೊಗ್ಗದ ಎದೆರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೋಟ್‌ಬುಕ್ ಅವರಿಗೆ ಇಷ್ಟವಾಯಿತು. ಸಾಲ್ಬುಟಮಾಲ್ ಮಾತ್ರೆ ತೆಗೆದುಹಾಕಿದರು. ಬದಲಿಗೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಇನ್ಹೇಲರ್ ದಿನಾ ಎರಡು ಹೊತ್ತು. ಬರೀ ಸಾಲ್ಬುಟಮಾಲನ್ನೇ ನಂಬಿಕೊಂಡು ಉಬ್ಬಸ ನೋಡಿಕೊಳ್ಳುವುದು ಬೇಡ ಅಂತ 2019ರಿಂದ ಜಾಗತಿಕ ಸಲಹೆಯೇ ಇದೆ. ಬಾವು ಇಳಿಸುವ ಔಷಧ ಜೊತೆಗಿರಬೇಕು, ಇಲ್ಲಿ ಅದು ಬುಡೆಸೊನೈಡ್. ಫಾರ್ಮೊಟೆರಾಲ್ ಕೂಡ ಅದೇ ಬೀಟಾ-2 ಕೀಲಿಯೇ, ಮೊದಲ ಕೆಲವು ದಿನ ಸ್ವಲ್ಪ ನಡುಕ ಬರಬಹುದು, ಆಮೇಲೆ ಮೈ ಒಗ್ಗುತ್ತದೆ ಅಂತ ಮೊದಲೇ ಹೇಳಿದರು. ಹಾಗೆ ಮೊದಲೇ ಹೇಳಿದ್ದೇ ಅರ್ಧ ಔಷಧ, ಅಲ್ವಾ? ಸ್ಪೇಸರ್ ಹಾಕಿಯೇ ಹೊಡೆಯಬೇಕು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಅಂದರು. ಗಂಟಲಿಗೆ ಅಂಟಿ ಹೊಟ್ಟೆಗಿಳಿಯುವ ಪಾಲು ಅದರಿಂದ ಕಡಿಮೆಯಾಗುತ್ತದೆ. ಪ್ರೆಡ್ನಿಸೊಲೋನ್ ಉಳಿದ ಒಂದು ದಿನದ್ದು ಬೆಳಿಗ್ಗೆಗೆ ಹೋಯಿತು. ನೆಗಡಿ ಮಾತ್ರೆ ಬಿಟ್ಟು ಮೂಗಿಗೆ ಉಪ್ಪುನೀರಿನ ಸ್ಪ್ರೇ. ರಕ್ತ ತೆಗೆದು ಥೈರಾಯ್ಡ್, ಶುಗರ್, ಪೊಟ್ಯಾಸಿಯಂ ಕೂಡ ನೋಡಿದರು. ಥೈರಾಯ್ಡ್ ಜಾಸ್ತಿಯಾದರೂ ಇದೇ ನಡುಕ ಬರುತ್ತದೆ, ಎಲ್ಲವನ್ನೂ ಔಷಧದ ತಲೆಗೆ ಕಟ್ಟಿ ಕೂರುವಂತಿಲ್ಲ. ಎಲ್ಲ ಸರಿಯಿತ್ತು.

ನಡುಕ ಎರಡು ದಿನಕ್ಕೆ ಹೋಯಿತು. ನಿದ್ದೆಗೆ ಇನ್ನೂ ಮೂರು ರಾತ್ರಿ ಬೇಕಾಯಿತು. ಕಾಫಿ ನಾಲ್ಕರಿಂದ ಎರಡಕ್ಕೆ ಇಳಿದದ್ದು ಮಾತ್ರ ದೊಡ್ಡ ಜಗಳದ ಮೇಲೆ.

ಅಂಗಡಿಯಲ್ಲಿ ನಾನು ಈಗ ಪ್ರಶ್ನೆ ಬದಲಿಸಿದ್ದೇನೆ. ನಿದ್ದೆ ಇಲ್ಲ, ಗಾಬರಿ ಅಂತ ಚೀಟಿ ತಂದವರನ್ನು 'ಬೇರೆ ಮಾತ್ರೆ ತಗೊಳ್ತೀರಾ' ಅಂತ ಕೇಳುವುದಿಲ್ಲ. 'ಈ ವಾರ ಬಾಯಿಗೆ, ಮೂಗಿಗೆ, ಎದೆಗೆ ಏನೇನು ಹೋಯ್ತು?' ಅಂತ ಕೇಳುತ್ತೇನೆ. ಮೊನ್ನೆ ಒಬ್ಬ ಅಜ್ಜ ಇಲ್ಲ ಇಲ್ಲ ಅಂತ ತಲೆಯಾಡಿಸಿ, ಆಮೇಲೆ ಜುಬ್ಬಾದ ಜೇಬಿನಿಂದ ಒಂದೊಂದಾಗಿ ಮೂರು ಸಾಮಾನು ತೆಗೆದು ಗಾಜಿನ ಮೇಲಿಟ್ಟರು.

ಅಕ್ಕ ನೋಟ್‌ಬುಕ್ ನಿಲ್ಲಿಸಲಿಲ್ಲ. ಗಣಪತಿ ಹಬ್ಬಕ್ಕೆ ಹೋದಾಗ ಕೊನೆಯ ಪುಟ ತೋರಿಸಿದಳು. ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: "ರಾತ್ರಿ 3 ಗಂಟೆ. ಎಚ್ಚರ. ಪಂಪ್ ಇಲ್ಲ, ಮಾತ್ರೆ ಇಲ್ಲ, ಸಂಜೆ ಕಾಫಿ ಇಲ್ಲ. ಪೀಕ್ ಫ್ಲೋ 340. ಕೈ ನೆಟ್ಟಗಿದೆ. ಮನೆ ಸಾಲದ ಕಂತು. ಇದು ನಿಜವಾದ ಟೆನ್ಷನ್."